ಮೊದಲ ಮಾತು ಮಗುವಿಗೆ ಬಿಡಿ

ನಾವು ಮ್ಯೂನಿಕ್‌ಗೆ ಬಂದು ಆರು ವರ್ಷವಾಯಿತು. ಮಗ ಇಲ್ಲಿಯ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಹೋದ ವರ್ಷ ಅವನ ಕ್ಲಾಸ್ ಟೀಚರ್ ಜೊತೆ ಮಾತಾಡಲು ಹೋದಾಗ ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ, "ಗಣಿತದಲ್ಲಿ ಹೇಗಿದ್ದಾನೆ?" ಟೀಚರ್ ನನ್ನ ಕಡೆ ನೋಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಗನ ಕಡೆ ತಿರುಗಿ, "ನೀನೇ ಹೇಳು, ನಿನಗೆ ಏನನ್ನಿಸುತ್ತದೆ?" ಎಂದರು. ಅವನು ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದ. ಆಮೇಲೆ ಅವನು ಬಾಯಿ ಬಿಡುವ ಹೊತ್ತಿಗೆ ನಮಗೆ ಕೊಟ್ಟಿದ್ದ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಕಳೆದಿತ್ತು.

ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಅರ್ಧವರ್ಷದ ಮಾರ್ಕ್ಸ್ ಕಾರ್ಡ್ ಬದಲು ಇಂಥ ಒಂದು ಮಾತುಕತೆಯನ್ನೇ ಇಡಲು ಶಾಲೆಗಳಿಗೆ ಅವಕಾಶವಿದೆ. ಜರ್ಮನ್ನಿನಲ್ಲಿ ಇದಕ್ಕೆ ಲೆರ್ನ್‌ಎಂಟ್‌ವಿಕ್ಲುಂಗ್ಸ್‌ಗೆಸ್ಪ್ರೇಶ್ ಅನ್ನುತ್ತಾರೆ. ಕಲಿಕೆ ಎಲ್ಲಿಯವರೆಗೆ ಬಂತು ಅಂತ ಕೂತು ಮಾತಾಡುವುದು ಅಂತ ಅರ್ಥ. ಮುಂಚೆಯೇ ಮಗುವಿಗೆ ಒಂದು ಹಾಳೆ ಕೊಡುತ್ತಾರೆ. 'ಬೇರೆಯವರು ಮಾತಾಡುವಾಗ ಕೇಳಿಸಿಕೊಳ್ಳುತ್ತೇನೆ', 'ಹೋಮ್‌ವರ್ಕ್ ನಾನೇ ಮುಗಿಸುತ್ತೇನೆ' ಎಂಬಂಥ ಸಾಲುಗಳ ಮುಂದೆ ಮಗು ತಾನೇ ಗುರುತು ಹಾಕಬೇಕು. ಟೀಚರ್ ಕೂಡ ತಮ್ಮ ಹಾಳೆ ತುಂಬಿಸಿರುತ್ತಾರೆ. ಆ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ಒಂದೇ ಇದೆ, ಎಲ್ಲಿ ಬೇರೆ ಇದೆ ಅಂತ ಮಗುವಿನ ಜೊತೆಗೇ ಮಾತಾಡುತ್ತಾರೆ. ಅಪ್ಪ ಅಮ್ಮ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಬೇಕು. ನಾನು ಮೊದಲ ಪ್ರಶ್ನೆಯಲ್ಲೇ ಮಗನ ಸರದಿ ಕಿತ್ತುಕೊಂಡಿದ್ದೆ.

ನಮಸ್ಕಾರದ ವಿಷಯಕ್ಕೂ ಸ್ವಲ್ಪ ಬರುತ್ತೇನೆ. ಹೊಸದಾಗಿ ಬಂದ ಕನ್ನಡದವರು ಎಡವುವುದು ಅಲ್ಲೇ. ನಮ್ಮಲ್ಲಿ ಟೀಚರನ್ನು ಹೆಸರು ಹಿಡಿದು ಕರೆದರೆ ಮರ್ಯಾದೆ ಅಲ್ಲ. ಮಿಸ್, ಮೇಡಂ, ಸರ್, ಹಳ್ಳಿ ಕಡೆಯಾದರೆ ಮೇಷ್ಟ್ರೇ. ಇಲ್ಲಿ ಉಲ್ಟಾ. ಹೆಂಗಸರಾದರೆ 'ಫ್ರಾವ್', ಗಂಡಸರಾದರೆ 'ಹೆರ್' ಅಂತ ಹೇಳಿ ಅವರ ಮನೆತನದ ಹೆಸರನ್ನು ಸೇರಿಸಲೇಬೇಕು. 'ಗ್ರೂಸ್ ಗಾಟ್' ಅಂತ ಈ ಕಡೆಯ ನಮಸ್ಕಾರ ಹೇಳಿ, ಹೆಸರು ಸೇರಿಸಿ, ಟೀಚರ್ ಕೈ ಚಾಚಿದರೆ ಕೈ ಕುಲುಕಿದರೆ ಸಾಕು. ಬರೀ 'ಟೀಚರ್' ಅಂದರೆ, ಇಷ್ಟು ದಿನವಾದರೂ ಇವರಿಗೆ ನನ್ನ ಹೆಸರೂ ಗೊತ್ತಿಲ್ಲವಾ ಅಂತ ಅವರಿಗೆ ಅನ್ನಿಸಬಹುದು. ಇನ್ನೊಂದು, ಇಂಗ್ಲಿಷಿನಲ್ಲಿ ಯೋಚಿಸಿ ಜರ್ಮನ್ ಮಾತಾಡುವವರು 'ದು' ಅಂದುಬಿಡುತ್ತಾರೆ. ಅದು ನಮ್ಮ 'ನೀನು'. ಟೀಚರಿಗೆ 'ಸೀ' ಅನ್ನಬೇಕು, ಅದು ನಮ್ಮ 'ನೀವು'. ಕನ್ನಡದಲ್ಲೇ ಯೋಚಿಸಿದರೆ ಈ ತಪ್ಪು ಆಗುವುದೇ ಇಲ್ಲ. ಸ್ವೀಟ್ ಬಾಕ್ಸ್ ಮನೆಯಲ್ಲೇ ಇರಲಿ. ಸರ್ಕಾರಿ ಶಾಲೆಯ ಟೀಚರ್‌ಗಳು ಉಡುಗೊರೆ ತೆಗೆದುಕೊಳ್ಳಲು ಬಿಗಿ ನಿಯಮಗಳಿವೆ, ಸುಮ್ನೆ ಅವರಿಗೆ ಮುಜುಗರ.

ಈ ಫೆಬ್ರವರಿಯಲ್ಲಿ ಮತ್ತೆ ಹೋದೆವು. ಮಕ್ಕಳ ಪುಟ್ಟ ಕುರ್ಚಿಗಳಲ್ಲೇ ಎಲ್ಲರೂ ಕೂತೆವು. ನಾನು ಒಂದೇ ಮಾತು ಹೇಳಿದೆ: "ಇವನು ಮನೆಯಲ್ಲಿ ನಿಮ್ಮ ಕ್ಲಾಸಿನ ಕಥೆ ತುಂಬಾ ಹೇಳುತ್ತಾನೆ. ಇವತ್ತು ಇವನು ಹೇಳುವುದನ್ನು ಕೇಳೋಣ ಅಂತ ಬಂದಿದ್ದೇವೆ." ಆಮೇಲೆ ಸುಮ್ಮನಿದ್ದೆ. ಮಗ ತನ್ನ ಹಾಳೆ ತೆಗೆದ. 'ಕ್ಲಾಸಿನಲ್ಲಿ ಕೈ ಎತ್ತಿ ಮಾತಾಡುತ್ತೇನೆ' ಎಂಬ ಸಾಲಿನ ಮುಂದೆ 'ಅಪರೂಪಕ್ಕೆ' ಅಂತ ಗುರುತು ಹಾಕಿದ್ದ. ಟೀಚರ್ ಕೂಡ ಅದನ್ನೇ ಹಾಕಿದ್ದರು. ಯಾಕೆ ಅಂತ ಅವರು ಕೇಳಿದರು. ಅವನು ತುಂಬಾ ಹೊತ್ತು ಪೆನ್ಸಿಲ್ ತುದಿ ಉಜ್ಜುತ್ತಾ ಕೂತ. ನಾನು ಬಾಯಿ ಹಾಕಲಿಲ್ಲ. ಕೊನೆಗೆ ಹೇಳಿದ, "ವಾಕ್ಯ ಮನಸ್ಸಿನಲ್ಲಿ ಸರಿ ಮಾಡಿಕೊಳ್ಳುವಷ್ಟರಲ್ಲಿ ಬೇರೆಯವರು ಉತ್ತರ ಹೇಳಿಬಿಟ್ಟಿರುತ್ತಾರೆ."

ಇದು ನಮಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಅವನು ಕನ್ನಡದಲ್ಲಿ ಪಟಪಟ ಅಂತ ಮಾತಾಡುವವನು. ಊರಿನ ಶಾಲೆಯಾಗಿದ್ದರೆ 'ತುಂಬಾ ಸೈಲೆಂಟ್, ಒಳ್ಳೆ ಹುಡುಗ' ಅಂತ ಹೊಗಳುತ್ತಿದ್ದರೇನೋ. ಇಲ್ಲಿ ಕ್ಲಾಸಿನಲ್ಲಿ ಮಾತಾಡುವುದೂ ಗ್ರೇಡಿಗೆ ಸೇರುತ್ತದೆ. ನಾಲ್ಕನೇ ಕ್ಲಾಸಿನ ಗ್ರೇಡುಗಳ ಮೇಲೆ ಮುಂದೆ ಯಾವ ಥರದ ಶಾಲೆ ಅನ್ನುವುದು ನಿಂತಿದೆ. ಟೀಚರ್ ಒಂದು ದಾರಿ ಹೇಳಿದರು. ದಿನಕ್ಕೆ ಒಂದು ಪ್ರಶ್ನೆಯನ್ನು ಅವನಿಗೆ ಮುಂಚೆಯೇ ಕೊಡುತ್ತೇನೆ, ಅವನು ಸಿದ್ಧ ಮಾಡಿಕೊಂಡು ಕೈ ಎತ್ತಲಿ ಅಂತ. ಅದನ್ನು ಹಾಳೆಯ ಕೊನೆಯಲ್ಲಿ ಬರೆದು, ಮಗ, ಟೀಚರ್, ನಾವು ಎಲ್ಲರೂ ಸಹಿ ಹಾಕಿದೆವು.

ಹಾಗಂತ ಊರಿನ ಪದ್ಧತಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಐವತ್ತು ಮಕ್ಕಳ ಕ್ಲಾಸಿಗೆ ಒಂದೇ ಶನಿವಾರ, ಒಬ್ಬರೇ ಟೀಚರ್. ಬಾಗಿಲ ಹೊರಗೂ ಕ್ಯೂ. ಒಬ್ಬೊಬ್ಬರಿಗೆ ಮೂರು ನಿಮಿಷ ಸಿಕ್ಕರೆ ಹೆಚ್ಚು. ಅದಕ್ಕೇ ಆ ಮೂರು ನಿಮಿಷ ಹೇಗೆ ಶುರುವಾಗುತ್ತದೆ ಅನ್ನುವುದು ಇಲ್ಲಿಗಿಂತ ಅಲ್ಲೇ ಜಾಸ್ತಿ ಮುಖ್ಯ. "ಹೇಗೆ ಓದ್ತಾಳೆ ಮಿಸ್?" ಅಂದರೆ "ಪರವಾಗಿಲ್ಲ, ಇನ್ನೂ ಸ್ವಲ್ಪ ಗಮನ ಕೊಡಬೇಕು" ಅಂತ ಉತ್ತರ ಬರುತ್ತದೆ. ಪಾಪ, ಅಷ್ಟು ಅಗಲದ ಪ್ರಶ್ನೆಗೆ ಅವರು ಇನ್ನೇನು ಹೇಳಬೇಕು? ಇನ್ನು ಕೆಲವರು ಮಗುವಿನ ಮುಂದೆಯೇ, "ಮನೇಲಿ ಹೇಳಿದ ಮಾತೇ ಕೇಳಲ್ಲ, ನೀವೇ ಎರಡು ಬಾರಿಸಿ" ಅನ್ನುತ್ತಾರೆ. ನನ್ನ ಚಿಕ್ಕಂದಿನಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ. ಮಕ್ಕಳ ಶಿಕ್ಷಣ ಹಕ್ಕಿನ 2009ರ ಕಾಯ್ದೆ ಬಂದ ಮೇಲೆ ಟೀಚರ್ ಹೊಡೆಯುವ ಹಾಗೇ ಇಲ್ಲ. ಆದರೂ ಆ ಮಾತು ಬಿಟ್ಟಿಲ್ಲ. ಅದನ್ನು ಕೇಳಿದ ಮಗು ಆ ದಿನ ಮತ್ತೆ ಬಾಯಿ ಬಿಡುವುದಿಲ್ಲ.

ಹಾಸನದಲ್ಲಿರುವ ನನ್ನ ತಂಗಿ ಮೊನ್ನೆ ಫೋನಿನಲ್ಲಿ, "ಅಣ್ಣಾ, ನಾಳೆ ಮೀಟಿಂಗ್, ಇವಳ ನೋಟ್ಸು ಯಾವಾಗಲೂ ಅರ್ಧಂಬರ್ಧ, ಮಿಸ್ ಬೈಯ್ತಾರೆ" ಅಂದಳು. ನಾವಿಬ್ಬರೂ ಕೂಡಿ ಮಾತು ಜೋಡಿಸಿದೆವು. ಮರುದಿನ ಅವಳು ಹೇಳಿದ್ದು ಇಷ್ಟು: "ನಮಸ್ತೆ ಮಿಸ್, ನಾನು ನಾಲ್ಕನೇ ಕ್ಲಾಸ್ ಬಿ ಸೆಕ್ಷನ್ನಿನ ಇವಳ ಅಮ್ಮ. ಬುಕ್ಕಿಂದ ಬರೆಯುವಾಗ ಪೂರ್ತಿ ಬರೀತಾಳೆ, ಬೋರ್ಡಿಂದ ಬರ್ಕೊಂಡಿದ್ದು ಮಾತ್ರ ಅರ್ಧಕ್ಕೇ ನಿಲ್ಲುತ್ತೆ. ಕ್ಲಾಸಲ್ಲಿ ಇವಳು ಎಲ್ಲಿ ಕೂರ್ತಾಳೆ?" ಆಮೇಲೆ ಮಗಳ ಕಡೆ ತಿರುಗಿ, "ನೀನೇ ಹೇಳಮ್ಮ ಮಿಸ್‌ಗೆ" ಅಂದಳಂತೆ.

ಹುಡುಗಿ ಮೆಲ್ಲಗೆ, "ಕೊನೇ ಬೆಂಚು ಮಿಸ್, ಸಣ್ಣ ಅಕ್ಷರ ಕಾಣಲ್ಲ" ಅಂದಿದ್ದಾಳೆ. ಟೀಚರ್ ಪೆನ್ನು ಕೆಳಗಿಟ್ಟು, "ಹೌದಲ್ವಾ, ನೀನು ಕಣ್ಣು ಕಿರಿದು ಮಾಡಿ ನೋಡ್ತಾ ಇದ್ದೆ, ನಾನು ನಿದ್ದೆ ಅಂದ್ಕೊಂಡಿದ್ದೆ" ಅಂದರಂತೆ. ಮುಂದಿನ ಸೋಮವಾರದಿಂದ ಎರಡನೇ ಬೆಂಚು. ಕಣ್ಣು ಪರೀಕ್ಷೆಯೂ ಆಯಿತು, ಕನ್ನಡಕವೂ ಬಂತು. ನೀಲಿ ಫ್ರೇಮು, ಅವಳೇ ಆರಿಸಿದ್ದು.