ಉಳಿದ ಮಾಲಿಗೆ ಮಾರ್ಚ್ 31ರ ಕಡಿಮೆ ಬೆಲೆಯನ್ನೇ ಬರೆಯಬೇಕೇ?

ಪರ: ಹಾಸನದ ಒಬ್ಬ ಆಡಿಟರ್

ಪರವಾಗಿ ಬರೆಯಿರಿ ಅಂದರು. ಇಪ್ಪತ್ತು ವರ್ಷದಿಂದ ಇದೇ ನಿಯಮ ಹಿಡಿದು ಸಹಿ ಹಾಕುತ್ತಿದ್ದೇನೆ, ಈಗ ಬೇಡ ಅನ್ನೋಕಾಗುತ್ತಾ? ಎಲ್ಲ ಸಲವೂ ಖುಷಿಯಿಂದ ಹಾಕಿದ್ದೇನೆ ಅಂತಲ್ಲ.

ನಿಯಮ ಸರಳ. ಮಾರ್ಚ್ 31ಕ್ಕೆ ಗೋಡೌನ್‌ನಲ್ಲಿ ಉಳಿದ ಮಾಲಿಗೆ ಎರಡು ಅಂಕಿ ನೋಡುತ್ತೇವೆ. ಒಂದು ಅದರ ಅಸಲು. ಇನ್ನೊಂದು, ಮಾರಿದರೆ ಖರ್ಚು ಕಳೆದು ಕೈಗೆ ಬರುವ ದುಡ್ಡು, ಅಂದರೆ ನೆಟ್ ರಿಯಲೈಸಬಲ್ ವ್ಯಾಲ್ಯೂ. ಯಾವುದು ಕಡಿಮೆಯೋ ಅದು ಬ್ಯಾಲೆನ್ಸ್ ಶೀಟಿಗೆ. ನಮ್ಮ ಲೆಕ್ಕಪತ್ರ ಮಾನದಂಡ ಎ.ಎಸ್. 2 ಹೇಳುವುದು ಇಷ್ಟೇ. ಆದಾಯ ತೆರಿಗೆ ಲೆಕ್ಕಕ್ಕಿರುವ ಮಾನದಂಡ ಐ.ಸಿ.ಡಿ.ಎಸ್. 2 ಕೂಡ ಇದನ್ನೇ ಹೇಳುತ್ತದೆ.

ಜನ ಎಡವುವುದು ಆ ಎರಡನೇ ಅಂಕಿಯಲ್ಲಿ. 'ಇವತ್ತಿನ ರೇಟು' ಅಂತ ವಾಟ್ಸಾಪ್‌ನಲ್ಲಿ ಬೆಳಿಗ್ಗೆ ಬಂದ ಮೆಸೇಜ್ ತೋರಿಸುತ್ತಾರೆ. ಅದು ವ್ಯಾಪಾರಿ ಬೆಳೆಗಾರನಿಗೆ ಕೊಡುವ ರೇಟು. ನಮಗೆ ಬೇಕಾದದ್ದು ವ್ಯಾಪಾರಿಗೆ ಇಂದೋರಿನವನೋ ದೆಹಲಿಯವನೋ ಕೊಡುವ ರೇಟು. ಎರಡೂ ಒಂದೇ ಅಲ್ಲ, ಅಲ್ವಾ?

ಒಂದು ಲೆಕ್ಕ ಮಾಡೋಣ. ವ್ಯಾಪಾರಿಯ ಹತ್ತಿರ 10,000 ಕೆ.ಜಿ. ಕಾಳುಮೆಣಸಿದೆ. ಖರೀದಿ, ಹಮಾಲಿ, ಗೋಡೌನಿಗೆ ತಂದ ಬಾಡಿಗೆ ಎಲ್ಲ ಸೇರಿ ಅಸಲು ಕೆ.ಜಿ.ಗೆ 620 ರೂಪಾಯಿ. ಮಾರ್ಚ್ 31ಕ್ಕೆ ಹೊರಗಿನ ಪಾರ್ಟಿ ಕೊಡುವುದು 560. ಮೆಣಸು ಕೇರಿ ಚೊಕ್ಕ ಮಾಡಿಸಬೇಕು, ಹೊಸ ಚೀಲ ಬೇಕು, ಲಾರಿ ಬೇಕು, ದಲ್ಲಾಳಿಗೂ ಕೊಡಬೇಕು. ಅದಕ್ಕೆಲ್ಲ 12 ರೂಪಾಯಿ. ಕೈಗೆ ಬರುವುದು 548. ಕೆ.ಜಿ.ಗೆ 72 ರೂಪಾಯಿ ಇಳಿಸಬೇಕು. ಹಾಗಾದರೆ 10,000 ಕೆ.ಜಿ.ಗೆ 7.20 ಲಕ್ಷ ನಷ್ಟ ಬರೆದು ಮುಗಿಸೋದೇ?

ತಡೆಯಿರಿ. ಫೈಲ್ ತಿರುವಿದಾಗ ಒಂದು ಚೀಟಿ ಸಿಗುತ್ತದೆ. ಫೆಬ್ರವರಿಯಲ್ಲೇ 4,000 ಕೆ.ಜಿ.ಗೆ 640ರಂತೆ ಪಕ್ಕಾ ಒಪ್ಪಂದ ಆಗಿದೆ, ಅರ್ಧ ಮುಂಗಡವೂ ಬಂದಿದೆ. ಅಷ್ಟು ಮಾಲಿಗೆ ಪೇಟೆ ರೇಟು ಲೆಕ್ಕಕ್ಕೇ ಬರುವುದಿಲ್ಲ. ಒಪ್ಪಂದದ ಬೆಲೆಯಲ್ಲಿ 12 ಕಳೆದರೆ 628, ಅಸಲಿಗಿಂತ ಜಾಸ್ತಿ. ಹಾಗಾಗಿ ಅದು 620ರಲ್ಲೇ ಉಳಿಯುತ್ತದೆ. ಇಳಿಸುವುದು ಬಾಕಿ 6,000 ಕೆ.ಜಿ.ಗೆ ಮಾತ್ರ, ಅಂದರೆ 4.32 ಲಕ್ಷ. ಆ ಚೀಟಿ ನೋಡದೆ ಸಹಿ ಹಾಕಿದ್ದರೆ ತಪ್ಪು ನಿಯಮದ್ದಲ್ಲ, ಆಡಿಟರ್‌ದು.

ಅಂದಾಜು ಸರಿಯೋ ಇಲ್ಲವೋ ಅಂತ ತಿಳಿಯಲು ನಾನು ಏಪ್ರಿಲ್ ತಿಂಗಳ ಬಿಲ್ ಪುಸ್ತಕ ತರಿಸುತ್ತೇನೆ. ಮೊದಲ ವಾರ 555ಕ್ಕೆ, 558ಕ್ಕೆ ಮಾರಿದ್ದರೆ ಮಾರ್ಚ್ ಕೊನೆಯಲ್ಲೇ ಪೇಟೆ ಬಿದ್ದಿತ್ತು ಅಂತ ಅರ್ಥ. ಮುಂದಿನ ವರ್ಷ ಬೆಲೆ ಏರಿದರೆ ಏರಲಿ, ಲಾಭ ಆಗ ಬರುತ್ತದೆ.

ಬೆಳೆಗಾರರ ಮಾತು ಬೇರೆ. ತಾವೇ ಬೆಳೆದ ಫಸಲಿಗೆ ಎಷ್ಟೋ ಕಡೆ ಎ.ಎಸ್. 2 ಅನ್ವಯಿಸುವುದೇ ಇಲ್ಲ. ನಾನು ಹೇಳುತ್ತಿರುವುದು ಕೊಂಡು ಮಾರುವವರ ಬಗ್ಗೆ. ಅವರಿಗೆ ಒಂದೇ ಪ್ರಶ್ನೆ: 548 ಬರುವ ಮಾಲನ್ನು 620 ಅಂತ ತೋರಿಸಿ, ಆ ಲಾಭದ ಮೇಲೆ ತೆರಿಗೆ ಕಟ್ಟೋಕೆ ನಿಮಗ್ಯಾಕೆ ಅಷ್ಟು ಆಸೆ?

ವಿರೋಧ: ಚಿಕ್ಕಮಗಳೂರಿನ ಒಬ್ಬ ಮೆಣಸು-ಕಾಫಿ ವ್ಯಾಪಾರಿ

ತೆರಿಗೆ ಉಳಿಯುತ್ತೆ ಅಂತ ಆಡಿಟರ್ ಸಾಹೇಬರು ಆಸೆ ತೋರಿಸಿದ್ದಾರೆ. ಎಲ್ಲಿ ಉಳೀತು ಸ್ವಾಮಿ? ಈ ವರ್ಷದ ಕೊನೆಯ ದಾಸ್ತಾನೇ ಮುಂದಿನ ವರ್ಷದ ಆರಂಭದ ದಾಸ್ತಾನು. ಈಗ ಇಳಿಸಿದ್ದು ಆಗ ಲಾಭವಾಗಿ ಎದ್ದು ನಿಲ್ಲುತ್ತದೆ. ಈ ಕೈಯಲ್ಲಿ ಕೊಟ್ಟು ಆ ಕೈಯಲ್ಲಿ ಕಿತ್ತುಕೊಂಡ ಹಾಗೆ.

ಇವರ ಮಾತು ಕೇಳಿದರೆ ಗೋಡೌನ್‌ನಲ್ಲಿರುವ ಮೆಣಸೆಲ್ಲ ಏಪ್ರಿಲ್ ಒಂದಕ್ಕೆ ಕೊಳೆತು ಹೋಗುತ್ತೆ ಅನ್ನಿಸುತ್ತದೆ. ಮೆಣಸು ಟೊಮೆಟೊ ಅಲ್ಲ. ಚೆನ್ನಾಗಿ ಒಣಗಿದ ಕಾಳನ್ನು ನೆಲಕ್ಕೆ ತಾಗದಂತೆ ಹಲಗೆ ಮೇಲೆ ಪೇರಿಸಿಟ್ಟರೆ ಎರಡು ಮಳೆಗಾಲ ನೋಡುತ್ತದೆ. ಕೊಯ್ಲು ಮುಗಿದು ಮಾಲು ರಾಶಿ ಬೀಳುವುದೇ ಮಾರ್ಚ್ ಹೊತ್ತಿಗೆ. ಬೆಲೆ ಮಂಕಾಗಿರುವ ಕಾಲ ಅದು. ಆ ಒಂದು ದಿನದ ರೇಟಿಗೆ ನಾನು ಮಾರುವುದೇ ಇಲ್ಲ. ಮಾರದ ರೇಟಿನಲ್ಲಿ ನಷ್ಟ ಬರೆ ಅಂದರೆ?

ನನ್ನದೇ ಕಥೆ ಹೇಳುತ್ತೇನೆ. ಒಂದು ವರ್ಷ ಮಾರ್ಚ್‌ನಲ್ಲಿ ನನ್ನ ಹತ್ತಿರ 5,000 ಕೆ.ಜಿ. ಮೆಣಸಿತ್ತು, ಅಸಲು 600. ಖರ್ಚು ಕಳೆದು ಕೈಗೆ 540 ಬರುತ್ತೆ ಅಂತ ಲೆಕ್ಕ ಹಾಕಿ ನಮ್ಮ ಆಡಿಟರ್ 3 ಲಕ್ಷ ಇಳಿಸಿದರು. ಸರಿ. ಪಕ್ಕದ ಗೋಡೆಗೆ 100 ಚೀಲ ಅರೇಬಿಕಾ ಪಾರ್ಚ್‌ಮೆಂಟ್ ಕಾಫಿ ಇತ್ತು. 50 ಕೆ.ಜಿ. ಚೀಲಕ್ಕೆ ಅಸಲು 20,000. ಅವತ್ತು ಮಾರಿದ್ದರೆ ಖರ್ಚೆಲ್ಲ ಕಳೆದು 22,700 ಸಿಗುತ್ತಿತ್ತು. ಅಂದರೆ 2.70 ಲಕ್ಷ ಜಾಸ್ತಿ. "ಇದನ್ನೂ ಬರೀರಿ, ಎರಡೂ ಸರಿಹೋಗಲಿ" ಅಂದೆ. ಆಗಲ್ಲ ಅಂದರು. ಒಂದೊಂದು ಮಾಲಿಗೆ ಬೇರೆ ಬೇರೆ ನೋಡಬೇಕಂತೆ, ಕಾಫಿಯ ಲಾಭದಲ್ಲಿ ಮೆಣಸಿನ ನಷ್ಟ ಮುಚ್ಚುವಂತಿಲ್ಲವಂತೆ. ಮಾರದೇ ಇರುವ ನಷ್ಟ ನಿಜ, ಮಾರದೇ ಇರುವ ಲಾಭ ಸುಳ್ಳು. ಇದ್ಯಾವ ತಕ್ಕಡಿ?

ಮುಂದೆ ಕೇಳಿ. ಜೂನ್‌ನಲ್ಲಿ ಪೇಟೆ ಎದ್ದಿತು. ಜುಲೈನಲ್ಲಿ ಅಷ್ಟೂ ಮೆಣಸನ್ನು 640ಕ್ಕೆ ಕೊಟ್ಟೆ. ಆಗಸ್ಟ್‌ನಲ್ಲಿ ಆಡಿಟರ್ ಸಹಿಗೆ ಬಂದರು. ಕಾಫಿ ಕೊಟ್ಟು, ಖಾಲಿ ಹಲಗೆಗಳನ್ನು ತೋರಿಸಿ, ಬಿಲ್ ಮುಂದಿಟ್ಟೆ. "ಈಗಲಾದರೂ 540 ಹೊಡೆದು ಹಾಕಿ" ಅಂದೆ. ಬಿಲ್ಲನ್ನು ಎರಡು ಸಲ ಓದಿದರು. ಜೂನ್‌ನಲ್ಲಿ ಏರಿದ್ದು ಜೂನ್‌ನ ಕಾರಣಕ್ಕೆ, ಮಾರ್ಚ್ 31ರ ಸ್ಥಿತಿಯನ್ನು ಅದು ಬದಲಿಸಲ್ಲ ಅಂದರು. ಏಪ್ರಿಲ್‌ನಲ್ಲಿ ಬಿದ್ದರೆ ಅದು ಮಾರ್ಚ್‌ನ ಸಾಕ್ಷಿ, ಜೂನ್‌ನಲ್ಲಿ ಎದ್ದರೆ ಅದು ಹೊಸ ಸಂಗತಿ!

ಒಪ್ಪಂದದ ಚೀಟಿ ಅಂತ ಬೇರೆ ಬರೆದಿದ್ದಾರೆ. ನಮ್ಮಲ್ಲಿ ಒಪ್ಪಂದ ಅಂದರೆ ಫೋನಿನಲ್ಲಿ "ಆಯ್ತಣ್ಣ" ಅನ್ನುವುದು. ಅದನ್ನು ಯಾವ ಫೈಲಿಗೆ ಹಾಕಲಿ?

ಪುಸ್ತಕದಲ್ಲಿ ಮಾತ್ರ ತಾನೇ ಅಂತ ನಾನೂ ಸುಮ್ಮನಾದೆ. ಅಕ್ಟೋಬರ್‌ನಲ್ಲಿ ಬ್ಯಾಂಕಿನ ಸಾಲದ ಲಿಮಿಟ್ ನವೀಕರಣ ಬಂತು. ಲಾಭ 3 ಲಕ್ಷ ಕಡಿಮೆ, ದಾಸ್ತಾನೂ ಕಡಿಮೆ. ಮಾಲು ಮಾರಿ ದುಡ್ಡು ಖಾತೆಗೆ ಬಂದಿದೆ ನೋಡಿ ಅಂದರೆ, ಅಲ್ಲಿ ಕೂತಿದ್ದ ಹುಡುಗ ಸ್ಕ್ರೀನ್‌ನಿಂದ ಕಣ್ಣೇ ತೆಗೆಯಲಿಲ್ಲ. "ಆಡಿಟ್ ಆದ ಬ್ಯಾಲೆನ್ಸ್ ಶೀಟ್‌ನಲ್ಲಿ ಇರುವುದೇ ಲೆಕ್ಕ, ಸರ್." 40 ಲಕ್ಷದ ಲಿಮಿಟ್ 35ಕ್ಕೆ ಬಂತು.

ಜನವರಿಯಲ್ಲಿ ಪಾರ್ಚ್‌ಮೆಂಟ್ ಬರತೊಡಗಿತು. ಬಾಳೆಹೊನ್ನೂರು ಕಡೆಯ ಒಬ್ಬ ಬೆಳೆಗಾರರು, ಹನ್ನೆರಡು ವರ್ಷದಿಂದ ನನಗೇ ಹಾಕುವವರು, ಪಿಕಪ್‌ನಲ್ಲಿ 30 ಚೀಲ ತಂದರು. ಅವತ್ತೇ ಪೂರ್ತಿ ದುಡ್ಡು ಬೇಕಿತ್ತು ಅವರಿಗೆ, ಮನೆಯಲ್ಲಿ ಮದುವೆ. ನನ್ನ ಖಾತೆಯಲ್ಲಿ ಅಷ್ಟು ಇರಲಿಲ್ಲ. ವಾರ ಬಿಟ್ಟು ಕೊಡುತ್ತೇನೆ ಅಂದೆ. ಅವರು ಏನೂ ಬೇಜಾರು ಮಾಡಿಕೊಳ್ಳಲಿಲ್ಲ. ತೂಕಕ್ಕೆ ಇಟ್ಟಿದ್ದ ಮೊದಲ ಚೀಲವನ್ನು ಹುಡುಗರ ಕೈಲಿ ವಾಪಸ್ ಗಾಡಿಗೆ ಹಾಕಿಸಿ, ಎದುರು ಮಂಡಿಗೆ ಹೋದರು.