‘ಇಂದು ಡಾಕ್ಟರು ಇದ್ದಾರೆಯೇ?’

ಶಿರಸಿಯ ಒಂದು ಕ್ಲಿನಿಕ್ಕಿಗೆ ನಾನು ಮೊದಲು ಕಳುಹಿಸಿದ ವಾಟ್ಸಾಪ್ ಸಂದೇಶ ಇದು: ‘ನಮಸ್ಕಾರ ಸರ್. ನಾನು ಸೋಶಿಯಲ್ ಮೀಡಿಯಾ ನಿರ್ವಹಣೆ ಮಾಡುತ್ತೇನೆ. ನಿಮ್ಮ ಕ್ಲಿನಿಕ್ಕಿಗೆ ಹೆಚ್ಚು ರೋಗಿಗಳು ಬರುವಂತೆ ಮಾಡಲು ಒಂದು ವಾರ ಸಂಪೂರ್ಣ ಉಚಿತ ಸೇವೆ ಕೊಡುತ್ತೇನೆ. ಆಸಕ್ತಿ ಇದ್ದರೆ ತಿಳಿಸಿ.’ ಎರಡು ನೀಲಿ ಗುರುತು ಮೂಡಿದವು, ಉತ್ತರ ಬರಲಿಲ್ಲ. ಇದೇ ಸಂದೇಶವನ್ನು ಹೆಸರು ಬದಲಿಸಿ ಇನ್ನೂ ಹತ್ತು ಕ್ಲಿನಿಕ್ಕುಗಳಿಗೆ ಕಳುಹಿಸಿದ್ದೆ. ಒಂದರಲ್ಲಿ ಹೆಸರು ಬದಲಿಸುವುದನ್ನೇ ಮರೆತಿದ್ದೆ. ಆ ಡಾಕ್ಟರಿಗೆ ಇಂದಿಗೂ ಎದುರಾಗದಂತೆ ಓಡಾಡುತ್ತೇನೆ.

ನನ್ನಂತೆ ಮನೆಯಿಂದಲೇ ಈ ಕೆಲಸ ಹುಡುಕುವ ಹುಡುಗ ಹುಡುಗಿಯರು ಈಗ ಕಾರವಾರದಲ್ಲಿ, ಕುಮಟಾದಲ್ಲಿ, ಇಲ್ಲಿ ಸಾಕಷ್ಟಿದ್ದಾರೆ. ಎಲ್ಲರೂ ಬರೆಯುವುದು ಹೆಚ್ಚುಕಡಿಮೆ ಇದನ್ನೇ. ತಪ್ಪಿರುವುದು ‘ಉಚಿತ’ ಎಂಬ ಮಾತಿನಲ್ಲಿ ಅಲ್ಲ, ‘ಹೆಚ್ಚು ರೋಗಿಗಳು’ ಎಂಬಲ್ಲಿ ಎಂದು ನನಗೆ ಅನ್ನಿಸುತ್ತದೆ. ಬೆಳಿಗ್ಗೆ ಒಂಬತ್ತಕ್ಕೇ ಬೆಂಚು ತುಂಬುವ ಕ್ಲಿನಿಕ್ಕಿಗೆ ಹೆಚ್ಚು ರೋಗಿಗಳು ಏಕೆ ಬೇಕು? ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನೀತಿ ನಿಯಮಾವಳಿಯ ಪ್ರಕಾರ ವೈದ್ಯರು ಜಾಹೀರಾತಿನ ಮೂಲಕ ರೋಗಿಗಳನ್ನು ಸೆಳೆಯುವಂತಿಲ್ಲ. 2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿ ಬಂದರೂ ಅದೇ ತಿಂಗಳು ಅದನ್ನು ತಡೆಹಿಡಿದರು, ಹಳೆಯದೇ ಉಳಿಯಿತು. ಅಂದರೆ ನಾನು ಉಚಿತವಾಗಿ ಕೊಡುತ್ತೇನೆ ಎಂದದ್ದು, ಡಾಕ್ಟರು ಮಾಡಲೇಬಾರದ ಕೆಲಸವನ್ನು.

ಆದರೆ ಅದೇ ನಿಯಮಾವಳಿ ಕೆಲವು ಪ್ರಕಟಣೆಗಳಿಗೆ ಒಪ್ಪಿಗೆ ಕೊಡುತ್ತದೆ: ವೃತ್ತಿ ಆರಂಭಿಸಿದಾಗ, ವಿಳಾಸ ಬದಲಾದಾಗ, ಕೆಲವು ದಿನ ಊರಲ್ಲಿ ಇಲ್ಲದಾಗ, ಮರಳಿ ಬಂದಾಗ. ಬರೆದದ್ದು ಪತ್ರಿಕಾ ಪ್ರಕಟಣೆಯ ಕಾಲಕ್ಕಾದರೂ ಅದರ ಆಶಯ ಸ್ಪಷ್ಟವಾಗಿದೆ. ಈ ಸಾಲಿನ ಬೆಲೆ ನನಗೆ ಗೊತ್ತಾದದ್ದು ಅಕ್ಕನ ಮಗಳಿಗೆ ಜ್ವರ ಬಂದು, ಉತ್ತರಿಸದ ಆ ಕ್ಲಿನಿಕ್ಕಿನ ಬೆಂಚಿನಲ್ಲೇ ಒಂದೂವರೆ ಗಂಟೆ ಕುಳಿತಾಗ.

ಕೌಂಟರಿನಲ್ಲಿದ್ದ ಅಕ್ಕ ಒಂದು ಕೈಯಲ್ಲಿ ಚೀಟಿ ಬರೆಯುತ್ತ ಇನ್ನೊಂದರಲ್ಲಿ ಫೋನ್ ಹಿಡಿದಿದ್ದರು. ಬೇಸರಕ್ಕೆ ಎಣಿಸಿದೆ: ಹದಿನೇಳು ಕರೆ. ಅವುಗಳಲ್ಲಿ ಹನ್ನೆರಡು ಒಂದೇ ಪ್ರಶ್ನೆ, ‘ಇಂದು ಡಾಕ್ಟರು ಇದ್ದಾರೆಯೇ?’ ಡಾಕ್ಟರು ಗುರುವಾರ ಸಿದ್ದಾಪುರಕ್ಕೆ ಹೋಗುತ್ತಾರೆ. ಗೂಗಲ್ ಮ್ಯಾಪಿನಲ್ಲಿ ಮಾತ್ರ ಏಳೂ ದಿನ ತೆರೆದಿದೆ ಎಂದಿತ್ತು. ಬನವಾಸಿ ಕಡೆಯ ಒಬ್ಬರು ಹಿಂದಿನ ಗುರುವಾರ ಅದನ್ನು ನಂಬಿ ಬಸ್ಸು ಹಿಡಿದು ಬಂದು, ಮುಚ್ಚಿದ ಬಾಗಿಲು ನೋಡಿ ಹೋಗಿದ್ದರಂತೆ. ನಾನು ಕುಳಿತಿದ್ದ ಆ ದಿನ ಅವರ ಸಿಟ್ಟೆಲ್ಲ ಕೌಂಟರಿನ ಅಕ್ಕನ ಮೇಲೆ.

ಮನೆಗೆ ಬಂದು ಎರಡನೆಯ ಸಂದೇಶ ಬರೆದೆ. ಡಾಕ್ಟರ ಸ್ವಂತ ನಂಬರಿಗಲ್ಲ, ಕ್ಲಿನಿಕ್ಕಿನ ನಂಬರಿಗೆ. ಮಧ್ಯಾಹ್ನ ಎರಡೂವರೆಗೆ, ಚೀಟಿ ಮುಗಿದು ಊಟವಾಗುವ ಹೊತ್ತಿಗೆ. ಪೂರ್ತಿ ಪಾಠ ಹೀಗಿದೆ:

‘ನಮಸ್ಕಾರ. ಸೋಮವಾರ ಅಕ್ಕನ ಮಗಳನ್ನು ತೋರಿಸಲು ಬಂದಿದ್ದೆ. ಗೂಗಲ್ ಮ್ಯಾಪಿನಲ್ಲಿ ನಿಮ್ಮ ಕ್ಲಿನಿಕ್ ಗುರುವಾರವೂ ತೆರೆದಿದೆ ಎಂದು ತೋರಿಸುತ್ತಿದೆ, ಚಿತ್ರ ಜೊತೆಗಿದೆ. ನಾನು ಶಿರಸಿಯವಳೇ, ಅಂಗಡಿ ಮತ್ತು ಕ್ಲಿನಿಕ್ಕುಗಳ ಪುಟ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಒಂದು ವಾರ ಹಣವಿಲ್ಲದೆ ಮೂರು ಕೆಲಸ ಮಾಡಿಕೊಡುತ್ತೇನೆ: ಮ್ಯಾಪಿನಲ್ಲಿ ಸಮಯ ಮತ್ತು ರಜೆ ಸರಿಪಡಿಸುವುದು, ಡಾಕ್ಟರು ಇಲ್ಲದ ದಿನ ಹಿಂದಿನ ಸಂಜೆಯೇ ಫೇಸ್‌ಬುಕ್ ಪುಟದಲ್ಲಿ ತಿಳಿಸುವುದು, ಡಾಕ್ಟರು ಓದಿ ಒಪ್ಪಿದ ಎರಡು ಆರೋಗ್ಯ ಸೂಚನೆ ಹಾಕುವುದು. ರೋಗಿಗಳ ಫೋಟೊ, ಹೊಗಳಿಕೆ ಯಾವುದನ್ನೂ ಹಾಕುವುದಿಲ್ಲ. ಪಾಸ್‌ವರ್ಡ್ ಬೇಡ. ವಾರ ಮುಗಿದ ಮೇಲೆ ಬೇಡವೆಂದರೆ ನನ್ನನ್ನು ತೆಗೆದುಹಾಕಬಹುದು, ಪುಟ ನಿಮ್ಮದೇ. ಮುಂದುವರಿಸುವುದಾದರೆ ತಿಂಗಳಿಗೆ 4,000 ರೂಪಾಯಿ. ಬೇಡವಾದರೂ ಗುರುವಾರದ್ದನ್ನು ದಯವಿಟ್ಟು ಸರಿಪಡಿಸಿ.’

ದರವನ್ನು ಮೊದಲ ಸಂದೇಶದಲ್ಲೇ ಬರೆಯಬಾರದು ಎಂದು ಈ ವೃತ್ತಿಯ ಗೆಳೆಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ಜನ ಉಚಿತ ಎಂದ ಕೂಡಲೇ ಹಿಂದಿನಿಂದ ಏನು ಬರುತ್ತದೆ ಎಂದು ನೋಡುತ್ತಾರೆ. ಅದನ್ನು ಮುಂದೆಯೇ ಇಟ್ಟುಬಿಟ್ಟರೆ ಸಂಶಯಕ್ಕೆ ಕೆಲಸವಿಲ್ಲ. ಕೊನೆಯ ಸಾಲನ್ನು ಮಾತ್ರ ಜಾಣತನದಿಂದ ಬರೆದದ್ದಲ್ಲ, ಬನವಾಸಿಯವರ ನೆನಪಿನಿಂದ ಬಂದದ್ದು. ಉತ್ತರ ತರಿಸಿದ್ದು ಬಹುಶಃ ಅದೇ. ಮರುದಿನ ಕೌಂಟರಿನ ಅಕ್ಕನೇ ಕರೆ ಮಾಡಿದರು: ‘ಡಾಕ್ಟರು ಬರಹೇಳಿದ್ದಾರೆ.’

ವಾರ ಶುರುವಾಗಲು ಆರು ದಿನ ಹಿಡಿಯಿತು. ಮ್ಯಾಪಿನ ಆ ಪುಟವನ್ನು ಯಾರೂ ತಮ್ಮದೆಂದು ದೃಢಪಡಿಸಿರಲೇ ಇಲ್ಲ. ಹಾಗಿದ್ದರೆ ಪುಟದಲ್ಲಿ ‘Claim this business’ ಎಂದು ಕಾಣುತ್ತದೆ, ಸಂದೇಶ ಕಳುಹಿಸುವ ಮೊದಲೇ ಅದನ್ನು ನೋಡಬೇಕಿತ್ತು. ಡಾಕ್ಟರ ಖಾತೆಯಿಂದಲೇ ಕ್ಲಿನಿಕ್ಕಿನ ಫಲಕ, ಬೀದಿ, ಒಳಕೋಣೆ ಎಲ್ಲ ಒಂದೇ ವಿಡಿಯೊದಲ್ಲಿ ಬರುವಂತೆ ಚಿತ್ರಿಸಿ ಕಳುಹಿಸಿ ಕಾದೆವು. ಒಪ್ಪಿಗೆ ಬಂದ ಮೇಲೆ ಅವರು ನನ್ನನ್ನು ಮ್ಯಾನೇಜರ್ ಆಗಿ ಸೇರಿಸಿದರು. ನಾನೇ ನನ್ನ ಖಾತೆಯಿಂದ ದೃಢಪಡಿಸಿದ್ದರೆ ಬೇಗ ಮುಗಿಯುತ್ತಿತ್ತು, ಆದರೆ ಪುಟ ನನ್ನದಾಗುತ್ತಿತ್ತು. ಹೀಗೆ ಹಿಂದಿನವರು ಬಿಟ್ಟುಹೋದ ಪುಟದ ಕೀಲಿಗಾಗಿ ಪರದಾಡುವ ಅಂಗಡಿಗಳನ್ನು ಇದೇ ಊರಿನಲ್ಲಿ ಕಂಡಿದ್ದೇನೆ.

ರಜೆಯ ಸುದ್ದಿಯನ್ನು ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಾಕೋಣವೇ ಎಂದು ಕೌಂಟರಿನ ಅಕ್ಕ ಕೇಳಿದರು. ಇಬ್ಬರೂ ಒಬ್ಬರ ನಂಬರನ್ನು ಇನ್ನೊಬ್ಬರು ಉಳಿಸಿಕೊಂಡಿದ್ದರೆ ಮಾತ್ರ ಸ್ಟೇಟಸ್ ಕಾಣುತ್ತದೆ. ಕ್ಲಿನಿಕ್ಕಿನ ಫೋನಿನಲ್ಲಿದ್ದದ್ದು ಔಷಧ ಅಂಗಡಿ, ಲ್ಯಾಬು ಮತ್ತು ಗ್ಯಾಸಿನವರ ನಂಬರು.

ನಿಜವಾದ ಪೆಟ್ಟು ತಿಂದದ್ದು ಆರೋಗ್ಯ ಸೂಚನೆಯಲ್ಲಿ. ಅದು ಜನವರಿ, ಮಂಗನ ಕಾಯಿಲೆಯ ಕಾಲ. ಅದನ್ನು ಹರಡುವ ಉಣುಗಿನ ಚಿತ್ರ ಹಾಕಿ, ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ ಎಂದು ಬರೆದು, ಕೊನೆಗೆ ಒಂದು ಸಾಲು ಸೇರಿಸಿದ್ದೆ: ‘ಮಂಗನ ಕಾಯಿಲೆಗೆ ನಮ್ಮಲ್ಲಿ ಚಿಕಿತ್ಸೆ ಲಭ್ಯ.’ ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

‘ತಂಗಿ, ಇದಕ್ಕೆಂದೇ ಇರುವ ಔಷಧ ಇಲ್ಲ. ಜ್ವರ, ನಿರ್ಜಲತೆ, ರಕ್ತಸ್ರಾವ ನೋಡಿಕೊಂಡು ರೋಗಿಯನ್ನು ಕಾಯಬೇಕು. ಈ ಸಾಲು ಓದಿದವನು ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಡುವ ಬದಲು ಇಲ್ಲಿ ಬಂದು ಸಾಲಿನಲ್ಲಿ ಕೂರುತ್ತಾನೆ. ಒಂದು ದಿನ ಹೋಯಿತು.’

ಆ ಸಾಲು ಹೊಡೆದು ಅವರೇ ಬರೆದುಕೊಟ್ಟರು: ಕಾಡಿಗೆ, ತೋಟಕ್ಕೆ ಹೋಗಿಬಂದ ಮೇಲೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಸತ್ತ ಮಂಗ ಕಂಡರೆ ಮುಟ್ಟದೆ ಹೇಳಿ. ಕ್ಲಿನಿಕ್ಕಿನ ಹೆಸರಿನ ಪುಟದಲ್ಲಿ ರೋಗಿಗಳನ್ನು ಬೇರೆಡೆ ಕಳುಹಿಸುವ ಪೋಸ್ಟು. ‘ಹೆಚ್ಚು ರೋಗಿಗಳು’ ಎಂಬ ನನ್ನ ಹಳೆಯ ಸಂದೇಶ ನೆನಪಾಗಿ ಕಿವಿ ಬಿಸಿಯಾಯಿತು.

ಫಲ ಎಷ್ಟು? ಅಕ್ಕ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಿದ್ದರು. ಮೊದಲ ಗುರುವಾರ ಆ ಪ್ರಶ್ನೆಯ ಕರೆ ಇಪ್ಪತ್ತಮೂರು, ಸಮಯ ಸರಿಪಡಿಸಿದ ಮೇಲಿನ ಗುರುವಾರ ಹತ್ತೊಂಬತ್ತು. ನಾಲ್ಕು ಕರೆ ಕಡಿಮೆಯಾದದ್ದು ನನ್ನಿಂದಲೋ ಅಂದಿನ ಮೋಡದಿಂದಲೋ ಹೇಳಲಾರೆ. ಸಿಗ್ನಲ್ ಇಲ್ಲದ ಹಳ್ಳಿಯ ಅಜ್ಜ ಮ್ಯಾಪ್ ನೋಡುವುದಿಲ್ಲ, ಮೊಮ್ಮಗನ ಕೈಯಲ್ಲಿ ಕರೆ ಮಾಡಿಸುತ್ತಾನೆ. ಬಾಗಿಲ ತನಕ ಬಂದು ಮರಳಿದವರು ಆ ದಿನ ಯಾರೂ ಇಲ್ಲ ಎಂದಷ್ಟೇ ಅಕ್ಕ ಹೇಳಿದರು. ಡಾಕ್ಟರ ಮುಂದೆ ಇದನ್ನು ಹೀಗೆಯೇ ಇಟ್ಟೆ.

‘ಪೋಸ್ಟು ತಿಂಗಳಿಗೆ ಒಂದು ಸಾಕು. ರಜೆ, ಸಮಯ ನೋಡಿಕೊ. ಸಾವಿರದ ಐನೂರು ಕೊಡುತ್ತೇನೆ’ ಎಂದರು. ನಾಲ್ಕು ಸಾವಿರಕ್ಕೆ ಇಷ್ಟು ಕೆಲಸವಿರಲಿಲ್ಲ ಎಂಬುದು ನನಗೂ ಗೊತ್ತಿತ್ತು, ಒಪ್ಪಿಕೊಂಡೆ. ಹೊರಗೆ ಬರುವಾಗ ಅಕ್ಕ ಕೌಂಟರಿನಿಂದಲೇ ಕೂಗಿದರು: ‘ಮಾರಿಕಾಂಬೆ ಜಾತ್ರೆ ಬರುತ್ತಿದೆ. ಬಿಡಕಿಬೈಲಿನ ಕಡೆ ಗಾಡಿ ಬಿಡುವುದಿಲ್ಲ, ಡಾಕ್ಟರು ಬೆಳಿಗ್ಗೆ ಮಾತ್ರ ಇರುತ್ತಾರೆ. ಈಗಲೇ ಹಾಕಿಬಿಡು.’