ಬೆಂಡೆಯ ಲೋಳೆ, ಬೀಗರ ಮೊಣಕಾಲು

ಮಗಳನ್ನು ಕೊಟ್ಟ ಮನೆಯ ಬೀಗರು ಊಟಕ್ಕೆ ಕುಳಿತಾಗ ಎದುರು ಮಾತಾಡಬಾರದು ಎಂಬ ನಿಯಮ ಮಾಡಿದವರು ಯಾರೋ ತಿಳಿಯದು. ಅವರ ಮನೆಗೆ ನಮ್ಮ ಬೀಗರು ಬಂದಿರಲಿಕ್ಕಿಲ್ಲ. ಮೊನ್ನೆ ಶಹಾಪುರದಿಂದ ಕಲಬುರಗಿಗೆ ಬಂದವರು ನಮ್ಮಲ್ಲೇ ಊಟಕ್ಕೆ ನಿಂತರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬೆಂಡೆಕಾಯಿ ಪಲ್ಯ. ಬೀಗರು ರೊಟ್ಟಿ ಮುರಿಯುವ ಮೊದಲೇ ಪಲ್ಯದ ಒಂದೊಂದು ಹೋಳನ್ನೂ ಹೆಬ್ಬೆರಳಿನಿಂದ ಒತ್ತಿ, ಬೀಜ ಹೊರಗೆ ಹಾರಿಸಿ, ತಟ್ಟೆಯ ಅಂಚಿನಲ್ಲಿ ಸಾಲಾಗಿ ಕೂರಿಸತೊಡಗಿದರು.

"ಇದನ್ನು ತಿನ್ನಬಾರದು ಬೀಗರೇ, ಕಿಡ್ನಿಯಲ್ಲಿ ಕಲ್ಲಾಗುತ್ತದೆ" ಎಂದರು. ನಾನು ಹೂಂಗುಟ್ಟಿದೆ. ಅಷ್ಟಕ್ಕೆ ಬಿಡಲಿಲ್ಲ. "ಆದರೆ ಲೋಳೆ ಇದೆಯಲ್ಲ, ಅದು ಮೊಣಕಾಲಿನ ಕೀಲಿಗೆ ಎಣ್ಣೆ. ಬೀಗಿತ್ತಿಯವರು ಅದನ್ನೇ ಹುರಿದು ಒಣಗಿಸಿಬಿಟ್ಟಿದ್ದಾರೆ" ಎಂದು ನನ್ನ ಹೆಂಡತಿಯ ಕಡೆ ನೋಡಿ ನಕ್ಕರು. ಅವಳೂ ನಕ್ಕಳು. ಆ ನಗೆಯ ಅರ್ಥ ನನಗೊಬ್ಬನಿಗೇ ಗೊತ್ತು.

ಅವರ ಮುಂದೆ ಆಡಲಾಗದ ಮಾತನ್ನು ಇಲ್ಲಿ ಆಡುತ್ತೇನೆ. ಬೀಗರ ಲೆಕ್ಕದಲ್ಲಿ ಮನುಷ್ಯನ ಹೊಟ್ಟೆಯೆಂದರೆ ನಗರದ ನೀರಿನ ಟಾಕಿ. ಅಲ್ಲಿಂದ ಒಂದು ಪೈಪು ನೇರವಾಗಿ ಕಿಡ್ನಿಗೆ, ಇನ್ನೊಂದು ಮೊಣಕಾಲಿಗೆ. ಬೀಜ ಬಿಟ್ಟರೆ ಅಲ್ಲಿ ಕಲ್ಲು, ಲೋಳೆ ಬಿಟ್ಟರೆ ಇಲ್ಲಿ ಎಣ್ಣೆ. ತಿಂದ ಬೀಜ ಕರುಳಿನಲ್ಲಿ ಜೀರ್ಣವಾಗುತ್ತದೆ, ಆಗದಿದ್ದರೆ ಬಂದ ದಾರಿಯ ಇನ್ನೊಂದು ತುದಿಯಿಂದ ಹೊರಗೆ ಹೋಗುತ್ತದೆ. ಕಿಡ್ನಿಯವರೆಗೆ ಹೋಗಿ ಠಿಕಾಣಿ ಹೂಡುವ ದಾರಿ ಅದಕ್ಕೆ ಇಲ್ಲವೇ ಇಲ್ಲ. ಕಿಡ್ನಿಯ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. ಆಕ್ಸಲೇಟ್ ಬೆಂಡೆಯಲ್ಲಿ ಇದೆ, ನಿಜ. ಆದರೆ ಅದು ಬೀಜದಲ್ಲಷ್ಟೇ ಅಡಗಿ ಕುಳಿತಿಲ್ಲ. ಒಮ್ಮೆ ಕಲ್ಲಾಗಿ ನೊಂದವರು ಬೆಂಡೆ ಎಷ್ಟು ತಿನ್ನಬಹುದೆಂದು ವೈದ್ಯರನ್ನು ಕೇಳಬೇಕು. ಬೀಜ ಆರಿಸಿಟ್ಟು ಸಿಪ್ಪೆ ತಿಂದರೆ ಏನೂ ಸಾಧಿಸಿದಂತಾಗುವುದಿಲ್ಲ. ನಮ್ಮ ಭಾಗದ ಬೇಸಿಗೆಯಲ್ಲಿ ಬೆವರು ಸುರಿಸಿ, ನೀರು ಕುಡಿಯದೆ ಚಹಾ ಮೇಲೆ ಚಹಾ ಕುಡಿದು, ದಪ್ಪಗಾದ ಮೂತ್ರದಲ್ಲಿ ಹರಳು ಕಟ್ಟಿಸಿಕೊಳ್ಳುವವರು ಎಷ್ಟೋ ಮಂದಿ. ಬೀಗರು ಅಂದು ಊಟ ಮುಗಿಯುವವರೆಗೂ ನೀರಿನ ಲೋಟ ಮುಟ್ಟಲಿಲ್ಲ ಎಂಬುದನ್ನು ನಾನು ನೋಡಿಕೊಂಡೆ, ಹೇಳಲಿಲ್ಲ.

ಅವರ ಭಯಕ್ಕೆ ಒಂದು ಬೇರು ಇದ್ದೀತು. ಅವರದು ಹತ್ತಿ ಬೆಳೆಯುವ ಹೊಲ. ಹತ್ತಿ, ಬೆಂಡೆ, ನಮ್ಮ ಪುಂಡಿ ಮೂರೂ ಒಂದೇ ಕುಲದವು. ಹೂವು ಪಕ್ಕದಲ್ಲಿಟ್ಟು ನೋಡಿದರೆ ಅಣ್ಣತಮ್ಮಂದಿರೆಂದು ಯಾರಾದರೂ ಹೇಳಬಹುದು. ಹತ್ತಿ ಬೀಜದಲ್ಲಿ ಗಾಸಿಪಾಲ್ ಎಂಬ ವಿಷದ ವಸ್ತು ಇದೆ. ಅದಕ್ಕೇ ಅದರ ಎಣ್ಣೆಯನ್ನು ಶುದ್ಧ ಮಾಡಿಯೇ ಅಡುಗೆಗೆ ಬಿಡುತ್ತಾರೆ. ದಾಯಾದಿಯ ಅಪರಾಧಕ್ಕೆ ಬೆಂಡೆಯನ್ನು ಹಿಡಿದು ದಂಡಿಸುವುದು ನ್ಯಾಯವಲ್ಲ. ಪಲ್ಯದ ಬೆಂಡೆಯ ಬೀಜ ಧಾರಾಳವಾಗಿ ತಿನ್ನಬಹುದಾದದ್ದು. ಎಳೆಯದು ಬಿಳಿಯಾಗಿ, ಹಲ್ಲಿಗೆ ಸಿಕ್ಕರೆ ಚಟ್ಟೆಂದು ಒಡೆಯುತ್ತದೆ. ಬಲಿತದ್ದು ಗುಂಡಗಾಗಿ, ಬೂದು ಹಸಿರಿಗೆ ತಿರುಗಿ, ಹೊರಕವಚ ಗಟ್ಟಿಯಾಗುತ್ತದೆ. ಅದೂ ವಿಷವಲ್ಲ, ಅಗಿಯಲಿಕ್ಕೆ ಬೇಸರ, ಅಷ್ಟೇ. ನಮ್ಮ ಅವ್ವ ನಾರು ಬಿಟ್ಟ ಬೆಂಡೆಯನ್ನು ಸೀಳಿ, ಸಿಪ್ಪೆ ದನಕ್ಕೆ ಹಾಕಿ, ಬೀಜವನ್ನು ತೊಗರಿ ಬೇಳೆಯ ಜೊತೆ ಬೇಯಿಸಿಬಿಡುತ್ತಿದ್ದಳು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಕಾಫಿ ಸಿಗದ ದಕ್ಷಿಣದವರು ಇದೇ ಬಲಿತ ಬೀಜವನ್ನು ಹುರಿದು, ಪುಡಿ ಮಾಡಿ, ಕಾಫಿಯೆಂದು ಕುಡಿದಿದ್ದಾರೆ.

ತಿನ್ನಬಾರದ ಬೆಂಡೆ ಬೀಜ ಒಂದಿದೆ. ಅದು ತಟ್ಟೆಯಲ್ಲಿ ಇರುವುದಿಲ್ಲ, ಬಿತ್ತನೆಯ ಪೊಟ್ಟಣದಲ್ಲಿ ಇರುತ್ತದೆ. ಗುಲಾಬಿಯೋ ನೀಲಿಯೋ ಬಣ್ಣ ಬಳಿದ ಆ ಬೀಜಕ್ಕೆ ಥೈರಮ್‌ನಂಥ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಬಿತ್ತಿ ಉಳಿದದ್ದನ್ನು ತೊಳೆದು ಬೇಳೆಗೆ ಹಾಕುತ್ತೇನೆ ಎಂಬ ಜಾಣತನ ಬೇಡ, ಕೋಳಿಗೂ ಬೇಡ.

ಇನ್ನು ಲೋಳೆ. ಅದು ಎಣ್ಣೆಯಲ್ಲ, ಎಣ್ಣೆಯ ದೂರದ ಸಂಬಂಧಿಯೂ ಅಲ್ಲ. ಸಕ್ಕರೆಯ ಅಣುಗಳು ಉದ್ದುದ್ದಕ್ಕೆ ಹೆಣೆದುಕೊಂಡ ಸರಪಳಿ ಅದು, ಒಂದು ಬಗೆಯ ನಾರು. ಕಾಯಿ ಇಡಿಯಾಗಿರುವಾಗ ಒಳಗೆ ಸುಮ್ಮನಿರುತ್ತದೆ. ಕೊಯ್ದು ನೀರು ಸೋಕಿಸಿದಿರೋ, ನೀರನ್ನೆಲ್ಲ ಹೀರಿ ಉಬ್ಬಿ ಎಳೆ ಬಿಡುತ್ತದೆ. ನಮ್ಮ ಹೊಟ್ಟೆಗೆ ಅದನ್ನು ಕತ್ತರಿಸಿ ಅರಗಿಸುವ ಶಕ್ತಿ ಇಲ್ಲ. ಕರುಳಿನಲ್ಲಿ ನೀರು ಹಿಡಿದುಕೊಂಡು ಮಲವನ್ನು ಮೆತ್ತಗೆ ಮಾಡುತ್ತದೆ, ಅಲ್ಲಿಯ ಸೂಕ್ಷ್ಮಜೀವಿಗಳಿಗೆ ಒಂದಿಷ್ಟು ಆಹಾರವಾಗುತ್ತದೆ. ಕೀಲಿನೊಳಗಿನ ಜಾರುವ ದ್ರವವನ್ನು ಕೀಲಿನ ಒಳಪದರವೇ ಮಾಡಿಕೊಳ್ಳುತ್ತದೆ. ಬೆಂಡೆಯನ್ನು ಕಾಯುತ್ತಾ ಅದು ಕುಳಿತಿಲ್ಲ.

ನನ್ನ ಹೆಂಡತಿಯ ಪರವಾಗಿ ಇಷ್ಟು ಹೇಳಲೇಬೇಕು. ಅವಳು ಬೆಂಡೆಯನ್ನು ಇಡಿಯಾಗಿ ತೊಳೆದು, ಹತ್ತಿ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಹರಡಿ, ಪೂರ್ತಿ ಒಣಗಿದ ಮೇಲೆಯೇ ಈಳಿಗೆಗೆ ಹಚ್ಚುವವಳು. ಹೋಳು ಬೆರಳಿನ ಒಂದು ಗೆಣ್ಣಿನಷ್ಟು. ಸಣ್ಣಗೆ ಕೊಚ್ಚಿದಷ್ಟೂ ಕೊಯ್ದ ಬಾಯಿ ಹೆಚ್ಚು, ಲೋಳೆಯೂ ಹೆಚ್ಚು. ಅಗಲವಾದ ಕಬ್ಬಿಣದ ಬಾಣಲೆ, ಒಂದರ ಮೇಲೊಂದು ಬೀಳದ ಹಾಗೆ ಹೋಳು, ಜೋರು ಉರಿ. ಮುಚ್ಚಳ ಮುಟ್ಟುವಂತಿಲ್ಲ, ಮುಚ್ಚಿದರೆ ಹಬೆ ನೀರಾಗಿ ಮತ್ತೆ ಪಲ್ಯದ ಮೇಲೆಯೇ ಬೀಳುತ್ತದೆ. ಮೊದಲ ಐದು ನಿಮಿಷ ಸೌಟಿಗೂ ಬಾಣಲೆಗೂ ನಡುವೆ ಎಳೆ ಕಾಣುತ್ತದೆ. ಹೆದರಿ ನೀರು ಚಿಮುಕಿಸುವವರು ಆಗಲೇ ಕೆಡುತ್ತಾರೆ. ಇನ್ನೈದಾರು ನಿಮಿಷ ಬಿಟ್ಟರೆ ಎಳೆ ತಾನೇ ಮಾಯ. ಉಪ್ಪು ಕೊನೆಗೆ, ಮೊದಲೇ ಹಾಕಿದರೆ ಹೋಳಿನೊಳಗಿನ ನೀರನ್ನು ಅದು ಹೊರಗೆಳೆಯುತ್ತದೆ. ಮೇಲೆ ಒಂದಿಷ್ಟು ಹುಣಸೆ ರಸ. ಲೋಳೆಯ ಸರಪಳಿಗಳು ಒಂದನ್ನೊಂದು ದೂರ ತಳ್ಳುತ್ತಾ ನೀಳವಾಗಿ ಚಾಚಿಕೊಂಡಿರುತ್ತವೆ, ಹುಳಿ ಬಿದ್ದರೆ ಮುದುಡಿಕೊಳ್ಳುತ್ತವೆ, ಜಿಗುಟು ಇಳಿಯುತ್ತದೆ. ಹುಣಸೆ ಇಲ್ಲದಿದ್ದರೆ ನಾಲ್ಕು ಪುಂಡಿ ಎಲೆ ಹರಿದು ಹಾಕುತ್ತಾಳೆ. ಮದುವೆ ಮನೆಗಳಲ್ಲಿ ಕೆಲವು ಅಡುಗೆಯವರು ಹಸಿರು ಬಣ್ಣ ಕೆಡದಿರಲೆಂದು ಸೋಡಾ ಹಾಕುತ್ತಾರೆ. ಹುಳಿ ಮಾಡುವುದಕ್ಕೆ ತೀರ ಉಲ್ಟಾ ಕೆಲಸ ಅದು. ಪಲ್ಯ ಹಸಿರಾಗಿಯೇ ಇರುತ್ತದೆ, ಎಲೆಯಿಂದ ಬಾಯಿಗೆ ಹೋಗುವ ದಾರಿಯುದ್ದಕ್ಕೂ ದಾರ ಕಟ್ಟಿರುತ್ತದೆ.

ಇಷ್ಟೆಲ್ಲ ಬೈದರೂ ಲೋಳೆಯ ಮೇಲೆ ನನಗೊಂದು ಗೌರವ ಇದೆ. ಅದಕ್ಕೆ ಕಾರಣ ನನ್ನ ಸೋದರಮಾವನ ಬೆಲ್ಲದ ಗಾಣ. ಮಾವನ ಊರು ಬೀದರ ಜಿಲ್ಲೆಯ ಭಾಲ್ಕಿ ಕಡೆ, ಕಾರಂಜಾ ಅಣೆಕಟ್ಟಿನ ನೀರು ಬರುವ ಜಾಗ, ಸುತ್ತ ಕಬ್ಬು. ದೀಪಾವಳಿ ಕಳೆದ ಮೇಲೆ ಗಾಣ ಹೂಡುತ್ತಿದ್ದರು. ಗಾಣ ಹೂಡುವ ಮುನ್ನಾದಿನ ಮಾವ ನನ್ನನ್ನು ಹಿತ್ತಿಲಿಗೆ ಕಳಿಸುತ್ತಿದ್ದ, "ಅಳಿಯಾ, ಬೆಂಡೆ ಗಿಡ ಕಿತ್ತು ತಾ, ಬೇರು ಬಿಡಬೇಡ." ಕಾಯಿ ಬಿಡಿಸಿ ಮುಗಿದ, ಆದರೆ ಇನ್ನೂ ಹಸಿಯಿರುವ ಗಿಡಗಳು. ಗಿಡದ ನವಿರಾದ ಮುಳ್ಳುಗೂದಲು ಮೊಣಕೈವರೆಗೆ ಚುಚ್ಚಿ, ರಾತ್ರಿಯಿಡೀ ತುರಿಕೆ.

ಬೆಳಿಗ್ಗೆ ಆ ಕಾಂಡ ಬೇರುಗಳನ್ನು ಕಲ್ಲಿನ ಮೇಲೆ ಜಜ್ಜಿ, ಕೊಡದ ನೀರಿನಲ್ಲಿ ನೆನೆಸುವುದು. ಕೆಲವು ಗಂಟೆ ಕಳೆದ ಮೇಲೆ ಕೈಯಿಂದ ಹಿಸುಕಿ ಎತ್ತಿದರೆ, ನೀರು ಬೆರಳಿನಿಂದ ಬಿಡಿಸಿಕೊಳ್ಳದೆ ಗೇಣುದ್ದ ಜೋತು ಬೀಳುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳುವುದು. ಅತ್ತ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬಿಸಿಯಾಗುತ್ತಿರುತ್ತದೆ, ಕೆಳಗೆ ಹಿಂಡಿದ ಕಬ್ಬಿನ ಸಿಪ್ಪೆಯೇ ಉರಿ. ಕುದಿ ಬರುವ ಮೊದಲು, ಹಾಲು ಕೈ ಸುಡುವಷ್ಟು ಕಾದಾಗ, ಲೋಳೆ ಸುರಿಯಬೇಕು. ಕುದಿ ಬಂದ ಮೇಲೆ ಸುರಿದರೆ ಹೊಲಸೆಲ್ಲ ಹಾಲಿನಲ್ಲಿ ಕದಡಿ ಹೋಗಿರುತ್ತದೆ. ಲೋಳೆ ಹಾಲಿನಲ್ಲಿ ಹರಡಿ, ಕಣ್ಣಿಗೆ ಕಾಣದ ಮಣ್ಣು, ಮೇಣ, ಹಸಿರು ಕಸರನ್ನೆಲ್ಲ ಹಿಡಿದು, ಕಾವು ಏರಿದ ಹಾಗೆ ಹೆಪ್ಪುಗಟ್ಟಿ ಮೇಲಕ್ಕೆ ತರುತ್ತದೆ. ಮೇಲೆ ಕಪ್ಪು ಹಸಿರಿನ ದಪ್ಪ ನೊರೆಯ ಕಂಬಳಿ ಏಳುತ್ತದೆ. ಅದನ್ನು ತೂತಿನ ಜಾಲರಿಯಿಂದ ತೆಗೆದು ತೆಗೆದು ಎಸೆಯಬೇಕು. ಜೊತೆಗೆ ಒಂದಿಷ್ಟು ಸುಣ್ಣದ ತಿಳಿ, ಹಾಲಿನ ಹುಳಿ ಮುರಿಯಲಿಕ್ಕೆ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ, ಆಗ ಮಾವನ ಬಾಯಿಂದ ಬರುವ ಮಾತುಗಳನ್ನು ಇಲ್ಲಿ ಬರೆಯಲಾಗುವುದಿಲ್ಲ.

ನೊರೆ ತೆಗೆದಾದ ಮೇಲೆ ಕೊಪ್ಪರಿಗೆ ಬೇರೆಯೇ ಆಗಿರುತ್ತದೆ. ಮೊದಲು ಕೆಸರು ನೀರಿನ ಹಾಗಿದ್ದ ಹಾಲಿನಲ್ಲಿ ಈಗ ತಳ ಕಾಣುತ್ತದೆ. ಅದು ಕುದಿದು, ಬತ್ತಿ, ಐದಾರು ಕೊಡದ ಹಾಲು ಒಂದು ಕೊಡದಷ್ಟು ಪಾಕವಾಗುವ ಹೊತ್ತಿಗೆ ಮಾವ ತಣ್ಣೀರಿನಲ್ಲಿ ಒಂದು ಹನಿ ಬಿಟ್ಟು ನೋಡುತ್ತಿದ್ದ. ಬೆರಳಿನಲ್ಲಿ ಉಂಡೆ ಕಟ್ಟಿತೋ, "ಇಳಿಸು!" ಎಂದು ಕೂಗುತ್ತಿದ್ದ. ನಾವು ಹುಡುಗರು ಕಬ್ಬಿನ ತುಂಡು ಅದ್ದಿಕೊಂಡು ಓಡುವುದು ಆಗಲೇ.

ಗಿಡ ಇಷ್ಟೊಂದು ಲೋಳೆಯನ್ನು ತನಗೇಕೆ ಮಾಡಿಕೊಳ್ಳುತ್ತದೆ ಎಂದು ನಾನು ಒಮ್ಮೆ ಮಾವನನ್ನು ಕೇಳಿದ್ದೆ. ಅವನು ಜಾಲರಿ ನನ್ನ ಕೈಗೆ ಕೊಟ್ಟು "ಮೊದಲು ನೊರೆ ತೆಗೆ" ಎಂದ. ಗಾಣದಲ್ಲಿ ಪ್ರಶ್ನೆಗೆ ಸಿಗುವ ಉತ್ತರ ಅಷ್ಟೇ.

ಮುಂದೆ ಆ ಊರಿಗೂ ಹೈಡ್ರೋಸ್ ಎಂಬ ರಾಸಾಯನಿಕ ಬಂತು. ಪಾಕಕ್ಕೆ ಒಂದು ಹಿಡಿ ಬಿಳಿ ಪುಡಿ ಹಾಕಿದರೆ ಸಾಕು, ಹೊಲಸು ಒಳಗೇ ಇದ್ದರೂ ಬೆಲ್ಲ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಗಿಡ ಕೀಳುವ, ಜಜ್ಜುವ, ಸೋಸುವ ರಗಳೆ ಯಾರಿಗೆ ಬೇಕು? ಪೇಟೆಯವರು ಬಣ್ಣ ನೋಡಿ ಬೆಲ್ಲ ಕೊಂಡರು, ಮಾವನ ಕಂದು ಬೆಲ್ಲಕ್ಕೆ ವ್ಯಾಪಾರಿಗಳು ಮೂಗು ಮುರಿದರು. ಈಗ ಅದೇ ಪೇಟೆಯವರು, ನಾನೂ ಸೇರಿ, ರಾಸಾಯನಿಕ ಹಾಕದ ಕಂದು ಬೆಲ್ಲವೆಂದು ಚೀಟಿ ಅಂಟಿಸಿದ ಪೊಟ್ಟಣಕ್ಕೆ ಹೆಚ್ಚು ದುಡ್ಡು ತೆತ್ತು ತರುತ್ತೇವೆ. ಅದಕ್ಕೆ ನಿಜವಾಗಿ ಬೆಂಡೆಯ ಲೋಳೆ ಹಾಕಿದ್ದಾರೋ ಇಲ್ಲವೋ ಅಂಗಡಿಯವನಿಗೂ ತಿಳಿಯದು. ಕೇಳಿದರೆ "ಬೇಕಿದ್ದರೆ ತೆಗೆದುಕೊಳ್ಳಿ ಸರ್, ಹಿಂದೆ ಗಿರಾಕಿ ನಿಂತಿದ್ದಾರೆ" ಎನ್ನುತ್ತಾನೆ.